ರೆಡಿಯೇಟರಿನ ಫಿನ್ನುಗಳು ಗಾಳಿಯ ಮಗ್ಗುಲಲ್ಲಿಯೇ ಏಕೆ?

ಕಳೆದ ಬೇಸಗೆಯಲ್ಲಿ ಸರ್ಕೀಟಿನ ಮೇಲೆ ಹೋಗಿದ್ದಾಗ, ಜಮೀನುದಾರರೊಬ್ಬರ ಕಣದಲ್ಲಿ 35 ಅಶ್ವಶಕ್ತಿಯ ಹಳೆಯ ಟ್ರಾಕ್ಟರೊಂದು ಬಾನೆಟ್ಟು ತೆರೆದುಕೊಂಡು ನಿಂತಿದ್ದುದನ್ನು ಕಂಡೆನು. ಮುಂಗಾರಿನ ಮೊದಲ ಹದಮಳೆ ಬಿದ್ದು ನಾಲ್ಕು ದಿನಗಳಾಗಿದ್ದವು. ಊರಿನ ಇತರ ಹೊಲಗಳಲ್ಲೆಲ್ಲಾ ಉಳುಮೆ ನಡೆದಿದ್ದರೂ ಇವರ ಹೊಲದಲ್ಲಿ ಮಾತ್ರ ನೇಗಿಲು ಮೂರು ಸಾಲಿಗೇ ನಿಂತುಹೋಗಿತ್ತು. ಕಾರಣವೇನೆಂದು ವಿಚಾರಿಸಲಾಗಿ, ಯಂತ್ರವು ನೇಗಿಲು ಕಟ್ಟಿದ ಕಾಲು ಗಂಟೆಯೊಳಗೆ ನೀರು ಕುದಿಸಿ ಆವಿಯನ್ನು ಉಗುಳುವುದೆಂದೂ, ಮಾರನೆಯ ದಿನ ಪೇಟೆಯಿಂದ ಮಿಸ್ತ್ರಿಯು ಬಂದು ಇಂಜಿನ್ನಿನ ಹೆಡ್ಡನ್ನೇ ಬಿಚ್ಚತಕ್ಕವನಾಗಿದ್ದಾನೆಂದೂ ಗೌಡರು ತಿಳಿಸಿದರು. ಅಷ್ಟು ಹೊತ್ತಿಗಾಗಲೇ ಅವರು ಫ್ಯಾನ್ ಬೆಲ್ಟು, ಥರ್ಮೋಸ್ಟಾಟು, ರೆಡಿಯೇಟರಿನ ಮುಚ್ಚಳ, ಇಷ್ಟನ್ನೂ ಹೊಸದಾಗಿ ಹಾಕಿಸಿ ನೋಡಿದ್ದರು.

ರೆಡಿಯೇಟರಿನ ಮುಂದೆ ಬಗ್ಗಿ ನೋಡಿದೊಡನೆ ರೋಗದ ಮೂಲವು ಗೋಚರವಾಯಿತು. ಎರಡು ತಿಂಗಳ ಹಿಂದೆ ಕಡಿದ ಜಾಲಿಯ ಕೊಂಬೆಯೊಂದು ತಗುಲಿ ಅದರ ಕೆಳಭಾಗದ ಕೊಳವೆಗಳು ಸೋರುತ್ತಿದ್ದವಂತೆ. ಬೆಸುಗೆಯವನು ಕೊಳವೆಗಳಿಗೆ ಕೈ ಎಟುಕುವಂತೆ ಮಾಡಿಕೊಳ್ಳುವುದಕ್ಕಾಗಿ, ಅವುಗಳ ನಡುವೆ ಇದ್ದ ತೆಳು ತಗಡಿನ ಫಿನ್ನುಗಳನ್ನು ಕೆಳಗಿನ ಮೂರನೆಯ ಒಂದು ಪಾಲಿನಷ್ಟು ಕತ್ತರಿಸಿ ತೆಗೆದು, ಕೊಳವೆಗಳನ್ನು ಒಂದೊಂದಾಗಿ ಬೆಸೆದು ಕೊಟ್ಟಿದ್ದನು. ಬೆಸುಗೆಯ ಕೆಲಸವೇನೋ ಅಚ್ಚುಕಟ್ಟಾಗಿಯೇ ಇತ್ತು. ಒಂದು ಹನಿ ನೀರೂ ಸೋರುತ್ತಿರಲಿಲ್ಲ. ಅಂಗಳದಲ್ಲಿ ಅರ್ಧ ಗಂಟೆ ಓಡಿಸಿ ತೋರಿಸಿದಾಗ ನೀರು ಕುದಿದಿರಲೂ ಇಲ್ಲ. ಆ ಫಿನ್ನುಗಳು ಹೋದದ್ದೇ ಈ ತೊಂದರೆಗೆ ಕಾರಣವೆಂದು ನಾನು ಹೇಳಲು, ಗೌಡರು ನಂಬಲಿಲ್ಲ.

"ಸ್ವಾಮಿ, ಬಿಸಿಯಾಗಿರುವುದು ನೀರು. ನೀರು ಹರಿಯುವ ಕೊಳವೆ ಒಂದೂ ಕಡಿಮೆಯಾಗಿಲ್ಲ. ಹೋದದ್ದು ಹೊರಗಿನ ತಗಡು ಮಾತ್ರ. ಅದಕ್ಕೆ ನೀರು ಸೋಕುವುದೂ ಇಲ್ಲ. ಆ ತಗಡು ಅಷ್ಟು ಮುಖ್ಯವಾಗಿದ್ದರೆ ಮಾಡಿದವರು ಅದನ್ನು ಕೊಳವೆಯ ಒಳಗೆ, ನೀರಿನಲ್ಲಿಯೇ ಏಕೆ ಇಡಲಿಲ್ಲ?" ಎಂದು ಕೇಳಿದರು.

ಪ್ರಶ್ನೆಯು ಬಹು ಯುಕ್ತವಾದದ್ದು. ಟ್ರಾಕ್ಟರು, ನೀರಿನಿಂದ ತಣಿಯುವ ಪಂಪಿನ ಇಂಜಿನ್ನು ಮುಂತಾದವುಗಳನ್ನು ಇಟ್ಟುಕೊಂಡಿರುವ ನಮ್ಮ ವಾಚಕರಲ್ಲಿ ಅನೇಕರಿಗೂ ಇದೇ ಸಂದೇಹವು ಬಂದಿರಬಹುದಾದ್ದರಿಂದ, ಅಂದು ಕಣದಲ್ಲಿ ಕುಳಿತು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ.

ಮೊದಲು ಮನೆಯ ಅನುಭವವೊಂದನ್ನು ನೆನಪಿಗೆ ತಂದುಕೊಳ್ಳತಕ್ಕದ್ದು. ಬಿಸಿ ಹಾಲನ್ನು ಬೇಗ ಆರಿಸಬೇಕಾದರೆ ಮನೆಯ ಹೆಂಗಸರು ಮುಚ್ಚಿದ ಚೊಂಬನ್ನು ತಣ್ಣೀರು ತುಂಬಿದ ಬೋಗುಣಿಯಲ್ಲಿ ಇಡುತ್ತಾರೆ. ಕೆಲವು ನಿಮಿಷಗಳಲ್ಲಿಯೇ ಹಾಲು ಉಗುರುಬೆಚ್ಚಗಾಗುವುದು. ಅದೇ ಚೊಂಬನ್ನು ಜಗಲಿಯ ಮೇಲೆ ಗಾಳಿಯಲ್ಲಿ ಇಟ್ಟರೆ ಮುಕ್ಕಾಲು ಗಂಟೆಯಾದರೂ ಬಿಸಿಯಾಗಿಯೇ ಇರುವುದು. ಚೊಂಬು ಒಂದೇ, ಹಾಲು ಒಂದೇ. ಸುತ್ತಲಿನ ನೀರೂ ಗಾಳಿಯೂ ಒಂದೇ ತಂಪಿನಲ್ಲಿದ್ದರೂ ಫಲವು ಹೀಗೆ ಬೇರೆಯಾಗುತ್ತದೆ. ಲೋಹದ ಮೈಯಿಂದ ಶಾಖವನ್ನು ಎತ್ತಿಕೊಂಡು ಹೋಗುವುದರಲ್ಲಿ ನೀರು ಬಲಶಾಲಿ, ಗಾಳಿಯು ಬಹು ದುರ್ಬಲ.

ಈ ದೌರ್ಬಲ್ಯಕ್ಕೆ ಕಾರಣವು ಎರಡು ಬಗೆಯಾಗಿದೆ. ಒಂದು ಲೀಟರು ನೀರು ಒಂದು ಕಿಲೋ ತೂಗಿದರೆ, ಒಂದು ಲೀಟರು ಗಾಳಿಯು ಒಂದು ಗ್ರಾಮಿಗಿಂತ ತುಸು ಹೆಚ್ಚಾಗಿ ಮಾತ್ರ ತೂಗುವುದು. ತೂಕಕ್ಕೆ ತೂಕ ಹೋಲಿಸಿದರೂ ಗಾಳಿಯು ನೀರಿನ ಕಾಲು ಭಾಗದಷ್ಟು ಶಾಖವನ್ನು ಮಾತ್ರ ಹೊರುತ್ತದೆ. ಎರಡನ್ನೂ ಕೂಡಿಸಿ ನೋಡಿದರೆ, ಒಂದು ಲೀಟರು ನೀರು ಒಂದು ಡಿಗ್ರಿ ತಣ್ಣಗಾಗುವಾಗ ಬಿಡುವ ಶಾಖವನ್ನು ಅಷ್ಟೇ ಡಿಗ್ರಿ ಏರಿ ಹೊತ್ತುಕೊಳ್ಳಲು ಸುಮಾರು 3,500 ಲೀಟರು ಗಾಳಿ ಬೇಕಾಗುವುದು. ಎರಡನೆಯದಾಗಿ, ಲೋಹಕ್ಕೆ ಅಂಟಿಕೊಂಡಂತೆ ನಿಧಾನವಾಗಿ ಸರಿಯುವ ತೆಳುವಾದ ಪೊರೆಯೊಂದು ನೀರಿನಲ್ಲಿಯೂ ಇದೆ, ಗಾಳಿಯಲ್ಲಿಯೂ ಇದೆ. ಶಾಖವು ಈ ಪೊರೆಯನ್ನು ದಾಟಿಯೇ ಹೋಗಬೇಕು. ನಿಂತ ನೀರಿನಲ್ಲಿ ಶಾಖವು ಸಾಗುವ ಸುಲಭಕ್ಕೆ ಹೋಲಿಸಿದರೆ ನಿಂತ ಗಾಳಿಯಲ್ಲಿ ಅದರ 20ರಿಂದ 25ರಲ್ಲಿ ಒಂದು ಪಾಲು ಮಾತ್ರ ಸಾಗುವುದು. ಚಳಿಗಾಲದಲ್ಲಿ ಕಂಬಳಿಯು ನಮ್ಮನ್ನು ಬೆಚ್ಚಗಿಡುವುದು ಅದರ ಕೂದಲುಗಳ ನಡುವೆ ಸಿಕ್ಕಿದ ಗಾಳಿಯಿಂದಲೇ ಅಲ್ಲವೆ?

ಇನ್ನು ರೆಡಿಯೇಟರಿನೊಳಗೆ ಶಾಖದ ಪ್ರಯಾಣವನ್ನು ನೋಡೋಣ. ಅದು ಒಂದರ ಹಿಂದೆ ಒಂದಾಗಿ ಮೂರು ತಡೆಗಳನ್ನು ದಾಟಬೇಕು. ಮೊದಲನೆಯದು ನೀರಿನಿಂದ ಕೊಳವೆಯ ಒಳಮೈಗೆ. ಎರಡನೆಯದು ಕೊಳವೆಯ ಗೋಡೆಯ ಮೂಲಕ. ಮೂರನೆಯದು ಹೊರಮೈಯಿಂದ ಗಾಳಿಗೆ. ಇದು ಕೆರೆಯ ನೀರು ಒಂದೇ ಕಾಲುವೆಯ ಮೇಲಿನ ತೂಬನ್ನೂ ಕೆಳಗಿನ ಮಡೆಯನ್ನೂ ದಾಟಿ ಗದ್ದೆಗೆ ಬರುವಂತಿದೆ. ತೂಬು ಆಳಗಲವಾಗಿದ್ದು ಗದ್ದೆಯ ಮಡೆಯು ಗೇಣಗಲವಿದ್ದರೆ, ತೂಬನ್ನು ಎಷ್ಟು ದೊಡ್ಡದು ಮಾಡಿದರೂ ಗದ್ದೆಗೆ ಹರಿಯುವ ನೀರು ಹೆಚ್ಚುವುದಿಲ್ಲ. ಮಡೆಯನ್ನು ಅಗಲಿಸಿದರೆ ಕೂಡಲೇ ಹೆಚ್ಚುವುದು. ರೆಡಿಯೇಟರಿನಲ್ಲಿ ನೀರಿನ ಕಡೆಯು ತೂಬು, ಗಾಳಿಯ ಕಡೆಯು ಮಡೆ.

ಕೊಳವೆಯ ಗೋಡೆಯ ತಡೆಯನ್ನು ಲೆಕ್ಕದಿಂದಲೇ ಬಿಟ್ಟುಬಿಡಬಹುದು. ಹಿತ್ತಾಳೆಯ ಗೋಡೆಯು ಒಂದು ಮಿಲಿಮೀಟರಿನ ಐದನೆಯ ಒಂದು ಪಾಲಿನಷ್ಟು ದಪ್ಪವಾಗಿದ್ದು, ಅದರ ತಡೆಯು ನೀರಿನ ಕಡೆಯ ತಡೆಯಲ್ಲಿ ನೂರರಲ್ಲೊಂದು ಪಾಲಿನಷ್ಟೂ ಆಗದು. ಉಳಿದ ಎರಡನ್ನು ಮಾತ್ರ ಅಳೆಯೋಣ. ಪಂಪಿನ ಬಲದಿಂದ ಕೊಳವೆಯಲ್ಲಿ ಹರಿಯುವ ನೀರಿಗೂ ಫ್ಯಾನು ಎಳೆಯುವ ಗಾಳಿಗೂ ಹೋಲಿಕೆ ಮಾಡಿದರೆ, ಸಮಾನ ವಿಸ್ತೀರ್ಣದ ಬರಿಯ ಕೊಳವೆಯ ಮೇಲೆ ನೀರಿನ ಕಡೆಯ ತಡೆಯನ್ನು 1 ಎಂದು ಇಟ್ಟುಕೊಂಡಲ್ಲಿ ಗಾಳಿಯ ಕಡೆಯ ತಡೆಯು ಸುಮಾರು 60 ಆಗುವುದು. ನೀರಿನ ವೇಗ, ಫ್ಯಾನಿನ ಬಲ ಇವುಗಳಿಗನುಸಾರವಾಗಿ ಈ ಅಂಕಿಯು ಹೆಚ್ಚು ಕಡಿಮೆಯಾಗುವುದಾದರೂ ನಮ್ಮ ತರ್ಕಕ್ಕೆ ಅಷ್ಟು ಸಾಕು. ಅಂತೂ ಒಟ್ಟು ತಡೆ 61.

ಈಗ ಗೌಡರು ಹೇಳಿದಂತೆ ಫಿನ್ನುಗಳನ್ನು ನೀರಿನಲ್ಲಿಯೇ ಇಟ್ಟು, ನೀರು ಸೋಕುವ ಮೈಯನ್ನು ಎಂಟು ಪಟ್ಟು ಮಾಡಿದೆವೆನ್ನೋಣ. ನೀರಿನ ಕಡೆಯ ತಡೆಯು 1ರಿಂದ ಎಂಟನೆಯ ಒಂದು ಪಾಲಿಗೆ ಇಳಿಯುವುದು. ಗಾಳಿಯ 60 ಹಾಗೆಯೇ ಉಳಿಯಿತು. ಒಟ್ಟು ತಡೆಯು 61 ಇದ್ದದ್ದು 60 ಮತ್ತು ಎಂಟನೆಯ ಒಂದು ಆಯಿತು. ಇಷ್ಟೆಲ್ಲಾ ತಾಮ್ರವನ್ನು ವ್ಯಯಮಾಡಿ ದೊರೆತ ಲಾಭವು ನೂರಕ್ಕೆ ಒಂದೂವರೆಯಷ್ಟೂ ಇಲ್ಲ. ಅದೇ ಫಿನ್ನುಗಳನ್ನು ಹೊರಗೆ ಗಾಳಿಯಲ್ಲಿ ಇಟ್ಟು, ಗಾಳಿಗೆ ಒಡ್ಡಿದ ಮೈಯನ್ನು ಎಂಟು ಪಟ್ಟು ಮಾಡಿದರೆ, ಗಾಳಿಯ 60 ಎಂಬುದು ಏಳೂವರೆಗೆ ಇಳಿಯುವುದು. ನೀರಿನ 1ನ್ನು ಕೂಡಿಸಿದರೆ ಒಟ್ಟು ಎಂಟೂವರೆ. ಎಂದರೆ ಶಾಖವು ಮೊದಲಿಗಿಂತ ಏಳು ಪಟ್ಟಿಗೂ ಹೆಚ್ಚಾಗಿ ಹೊರಹೋಗುವುದು. ಫಿನ್ನಿನ ತುದಿಯು ಬುಡಕ್ಕಿಂತ ತುಸು ತಣ್ಣಗಿರುವುದರಿಂದ ಅದರ ಪೂರ್ತಿ ವಿಸ್ತೀರ್ಣವು ಲೆಕ್ಕಕ್ಕೆ ಬರುವುದಿಲ್ಲ. ಆದುದರಿಂದ ನಿಜವಾಗಿ ಒಂಬತ್ತು ಪಟ್ಟು ಮೈಯನ್ನಿಟ್ಟು ಎಂಟು ಪಟ್ಟಿನ ಫಲವನ್ನು ಪಡೆಯುತ್ತಾರೆ.

ಫಿನ್ನುಗಳಿಗೆ ತಾಮ್ರವನ್ನೋ ಅಲ್ಯುಮಿನಿಯಮನ್ನೋ ಉಪಯೋಗಿಸುವುದು ಈ ತುದಿಯ ಸಲುವಾಗಿಯೇ. ಕೊಳವೆಯ ಗೋಡೆಯನ್ನು ಅಡ್ಡಲಾಗಿ ದಾಟುವುದು ಶಾಖಕ್ಕೆ ಕ್ಷಣದ ಕೆಲಸ. ಆದರೆ ಕಾಗದದಂತಹ ತೆಳು ತಗಡಿನ ಉದ್ದಕ್ಕೂ ಸಾಗಿ ಹೋಗುವುದು ಶ್ರಮದ ಕೆಲಸ. ಇಲ್ಲಿಯೂ ನೀರಿನ ಕಡೆಗೆ ಇನ್ನೊಂದು ಅನನುಕೂಲವಿದೆ. ನೀರು ಶಾಖವನ್ನು ಬಹು ಚುರುಕಾಗಿ ವಿನಿಮಯ ಮಾಡುವುದರಿಂದ, ನೀರಿನಲ್ಲಿಟ್ಟ ತೆಳು ಫಿನ್ನು ಬುಡದಿಂದ ಎರಡು ಮೂರು ಮಿಲಿಮೀಟರಿನಷ್ಟು ಮಾತ್ರ ಕೆಲಸಮಾಡಿ ಆಚೆಗೆ ವ್ಯರ್ಥವಾಗುವುದು. ಅದೇ ದಪ್ಪದ ತಾಮ್ರದ ಫಿನ್ನು ಗಾಳಿಯಲ್ಲಿ ಇದಕ್ಕಿಂತ ಏಳೆಂಟು ಪಟ್ಟು ಉದ್ದದವರೆಗೂ ಉಪಯುಕ್ತವಾಗಿರುವುದು. ಇದಲ್ಲದೆ ಕೊಳವೆಯ ಒಳಗಿನ ಇಕ್ಕಟ್ಟಿನಲ್ಲಿ ಫಿನ್ನುಗಳಿದ್ದರೆ ತುಕ್ಕಿನ ಪುಡಿಯೂ ಸುಣ್ಣದ ಕಣಗಳೂ ಅವುಗಳಿಗೆ ಸಿಕ್ಕಿಕೊಂಡು ನೀರಿನ ದಾರಿಯೇ ಮುಚ್ಚಿಹೋದೀತು. ಒಳಗೆ ಕೈ ಹಾಕಿ ತೆಗೆಯುವವರಾರು?

ರೆಡಿಯೇಟರು ಎಂಬ ಹೆಸರು ಕೂಡ ಜನರನ್ನು ಸ್ವಲ್ಪ ಮಟ್ಟಿಗೆ ದಾರಿ ತಪ್ಪಿಸಿದೆ. ಕೆಂಡವು ದೂರದಿಂದಲೇ ಮೈಗೆ ಕಾವು ಹಾಯಿಸುವಂತೆ ಶಾಖವನ್ನು ಹಾಯಿಸುವುದೆಂದು ಆ ಹೆಸರಿನ ಅರ್ಥ. ನಮ್ಮ ಯಂತ್ರಗಳಲ್ಲಿ ಹಾಗೆ ಹೋಗುವ ಶಾಖವು ಅತ್ಯಲ್ಪ. ಹೆಚ್ಚು ಕಡಿಮೆ ಎಲ್ಲವನ್ನೂ ಫ್ಯಾನಿನ ಗಾಳಿಯೇ ಹೊತ್ತುಕೊಂಡು ಹೋಗಬೇಕು. ಈ ಗಾಳಿಯ ಮೈಯನ್ನು ಹೆಚ್ಚಿಸುವ ಉಪಾಯವನ್ನು ಹುಡುಕಿದವರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮೇಬಾಕ್ ಎಂಬ ಇಂಜಿನಿಯರು ಮುಖ್ಯನು. 1901ರಲ್ಲಿ ಹೊರಬಂದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿಗೆ ಆತನು ಜೇನುಹಟ್ಟಿಯಂತಹ ರೆಡಿಯೇಟರನ್ನು ಮಾಡಿದನು. ಅದರಲ್ಲಿ ಸುಮಾರು ಎಂಟು ಸಾವಿರ ಸಣ್ಣ ಕೊಳವೆಗಳಿದ್ದವು. ಆದರೆ ಅವುಗಳೊಳಗೆ ಹರಿಯುತ್ತಿದ್ದುದು ನೀರಲ್ಲ, ಗಾಳಿ. ನೀರು ಅವುಗಳ ನಡುವಣ ಸಂದಿಗಳಲ್ಲಿ ಹರಿಯುತ್ತಿತ್ತು. ರೂಪವು ಬೇರೆಯಾದರೂ ಗಾಳಿಗೆ ಮೈಯನ್ನು ಧಾರಾಳವಾಗಿ ಕೊಡಬೇಕೆಂಬ ಯುಕ್ತಿಯು ಅದೇ.

ಶಾಖವು ನೀರಿನಿಂದ ಗಾಳಿಗೆ ಹೋಗುವುದರಿಂದ ಫಿನ್ನುಗಳು ಗಾಳಿಯ ಕಡೆ ಇವೆಯೆಂದು ಯಾರೂ ಭಾವಿಸಬಾರದು. ದಿಕ್ಕು ಇಲ್ಲಿ ಮುಖ್ಯವಲ್ಲ. ಕುಸುಬಲಕ್ಕಿ ಮಾಡುವ ಗಿರಣಿಗಳಲ್ಲಿ ಬತ್ತವನ್ನು ಒಣಗಿಸಲು, ಕೊಳವೆಗಳಲ್ಲಿ ಆವಿಯನ್ನು ಹಾಯಿಸಿ ಹೊರಗಿನ ಗಾಳಿಯನ್ನು ಬಿಸಿಮಾಡುವರು. ಅಲ್ಲಿಯೂ ಫಿನ್ನುಗಳು ಗಾಳಿಯ ಕಡೆಯೇ. ಎರಡು ಕಡೆಯೂ ಗಾಳಿಯೇ ಇರುವ ಇಂಟರ್‌ಕೂಲರಿನಲ್ಲಿ ಒಳಗೂ ಹೊರಗೂ ಫಿನ್ನುಗಳಿರುವುವು. ನೀರಿನಿಂದ ಎಣ್ಣೆಯನ್ನು ತಣಿಸುವಲ್ಲಿ ಎಣ್ಣೆಯು ದುರ್ಬಲವಾದ್ದರಿಂದ ಫಿನ್ನುಗಳು ಎಣ್ಣೆಯ ಕಡೆ. ಯಾವ ಕಡೆಯ ತಡೆಯು ದೊಡ್ಡದೋ ಆ ಕಡೆಗೆ ಮೈಯನ್ನು ಬೆಳೆಸುವರು.

ಹಾಗಾದರೆ ಫಿನ್ನುಗಳನ್ನು ಇನ್ನೂ ಒತ್ತಾಗಿ ಜೋಡಿಸಿ, ಮೈಯನ್ನು ಹದಿನಾರು ಪಟ್ಟು ಮಾಡಬಾರದೇಕೆಂದು ಕೇಳಬಹುದು. ಆಗ ಗಾಳಿಯ ತಡೆಯು ಏಳೂವರೆಯಿಂದ ಮೂರು ಮುಕ್ಕಾಲಿಗೆ ಇಳಿದು, ನೀರಿನ 1ನ್ನು ಸೇರಿಸಿ ಒಟ್ಟು ನಾಲ್ಕು ಮುಕ್ಕಾಲಾಗುವುದು. ಫಿನ್ನು ಎರಡರಷ್ಟಾದರೂ ಶಾಖವು ಎರಡರಷ್ಟಾಗಲಿಲ್ಲವೆಂಬುದನ್ನು ಗಮನಿಸಬೇಕು. ಅದೂ ಗಾಳಿಯು ಮೊದಲಿನಷ್ಟೇ ಸರಾಗವಾಗಿ ಹರಿದರೆ ಮಾತ್ರ. ಒತ್ತಾದ ಫಿನ್ನುಗಳ ನಡುವೆ ಫ್ಯಾನು ಅಷ್ಟು ಗಾಳಿಯನ್ನು ಎಳೆಯಲಾರದು, ಹೊಲದ ಧೂಳೂ ಒಕ್ಕಣೆಯ ಹೊಟ್ಟೂ ಎರಡೇ ದಿನದಲ್ಲಿ ಅವನ್ನು ಮುಚ್ಚಿಬಿಡುವುವು. ಆದುದರಿಂದಲೇ ಹೊಲದ ಯಂತ್ರಗಳಿಗೆ ಅಂಗುಲಕ್ಕೆ ಹತ್ತರ ಆಸುಪಾಸಿನಲ್ಲಿ ಫಿನ್ನುಗಳನ್ನು ಇಟ್ಟು, ರೆಡಿಯೇಟರನ್ನೇ ಅಗಲವಾಗಿ ಮಾಡುವುದು ವಾಡಿಕೆ.

ಈ ಲೆಕ್ಕದಿಂದ ಇನ್ನೊಂದು ವಿಷಯವು ಹೊರಡುತ್ತದೆ. ಬಾವಿಯ ಗಡಸು ನೀರನ್ನು ರೆಡಿಯೇಟರಿಗೆ ಹೊಯ್ಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕೊಳವೆಯ ಒಳಗೆ ಸುಣ್ಣದ ಹಿಟ್ಟೆಯು ಒಂದು ಮಿಲಿಮೀಟರು ದಪ್ಪಕ್ಕೆ ಕಟ್ಟಿದರೆ ಅದರ ತಡೆಯು ನಮ್ಮ ಅಳತೆಯಲ್ಲಿ ಎರಡೂವರೆಗಿಂತ ಸ್ವಲ್ಪ ಹೆಚ್ಚು. ಫಿನ್ನುಗಳೇ ಇಲ್ಲದ ಬರಿಯ ಕೊಳವೆಯಾಗಿದ್ದರೆ 61ರ ಮೇಲೆ ಎರಡೂವರೆಯು ಲೆಕ್ಕಕ್ಕೆ ಬರುತ್ತಿರಲಿಲ್ಲ. ಫಿನ್ನುಗಳಿರುವ ರೆಡಿಯೇಟರಿನಲ್ಲಿ ಎಂಟೂವರೆಯು ಹನ್ನೊಂದನ್ನು ಮೀರುವುದು. ಶಾಖ ಬಿಡುವ ಶಕ್ತಿಯಲ್ಲಿ ಕಾಲು ಭಾಗದಷ್ಟು ನಷ್ಟ. ಮಡೆಯನ್ನು ಅಗಲಿಸಿದ ಮೇಲೆ ತೂಬಿನಲ್ಲಿ ಬಿದ್ದ ಕಲ್ಲೂ ತೊಂದರೆ ಕೊಡತೊಡಗುತ್ತದೆ. ಆದುದರಿಂದ ಕಂಪನಿಯ ಪುಸ್ತಕದಲ್ಲಿ ಹೇಳಿರುವ ಕೂಲೆಂಟನ್ನು ಶುದ್ಧವಾದ ಮೃದು ನೀರಿನಲ್ಲಿ ಬೆರೆಸಿ ಹಾಕತಕ್ಕದ್ದು. ಏನೂ ದೊರೆಯದಿದ್ದಾಗ ಸೋಸಿದ ಮಳೆಯ ನೀರು ಬೋರ್‌ವೆಲ್ ನೀರಿಗಿಂತ ಎಷ್ಟೋ ಮೇಲು.

ಈಗ ಗೌಡರ ಟ್ರಾಕ್ಟರಿಗೆ ಬರೋಣ. ಪೂರ್ಣ ಹೊರೆಯಲ್ಲಿ ಈ ಗಾತ್ರದ ಇಂಜಿನ್ನು ಸುಮಾರು 20 ಕಿಲೋವಾಟಿನಷ್ಟು ಶಾಖವನ್ನು ನೀರಿಗೆ ಒಪ್ಪಿಸುತ್ತದೆ. ರೆಡಿಯೇಟರು ಅಷ್ಟನ್ನೂ ಗಾಳಿಗೆ ದಾಟಿಸಬೇಕಾದರೆ ನೀರು ತನ್ನ ಸುತ್ತ ಹಾಯುವ ಗಾಳಿಗಿಂತ ಸರಾಸರಿ 45 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಸಾಕಾಗಿತ್ತೆಂದು ಇಟ್ಟುಕೊಳ್ಳೋಣ. ಬೇಸಗೆಯಲ್ಲಿ 36 ಡಿಗ್ರಿಯಿಂದ ಒಳಹೊಕ್ಕ ಗಾಳಿಯು ಫಿನ್ನುಗಳ ನಡುವೆ ಬಿಸಿಯಾಗುತ್ತಾ ಸರಾಸರಿ 46 ಆದರೆ, ನೀರು 91ರಲ್ಲಿ ನಿಲ್ಲುವುದು. ಇದು ಸುಸ್ಥಿತಿ. ಮೂರನೆಯ ಒಂದು ಪಾಲಿನ ಫಿನ್ನುಗಳು ಹೋದ ಮೇಲೆ ಆ ಬೋಳು ಕೊಳವೆಗಳು ಮೊದಲಿನ ಏಳನೆಯ ಒಂದು ಪಾಲಿನಷ್ಟು ಮಾತ್ರ ಕೆಲಸ ಮಾಡುವುವು. ಒಟ್ಟು ಶಕ್ತಿಯು ನೂರರಲ್ಲಿ 71ಕ್ಕೆ ಇಳಿಯಿತು. ಶಾಖವಾದರೋ ಅಷ್ಟೇ ಇದೆ. ಆದುದರಿಂದ 45 ಡಿಗ್ರಿಯ ಅಂತರವು 63ಕ್ಕೆ ಏರಿಯೇ ತೀರಬೇಕು. ಆಗ ನೀರು 109 ಡಿಗ್ರಿ. ನಮ್ಮ ಮೈಸೂರು ಪ್ರಸ್ಥಭೂಮಿಯಲ್ಲಿ ತೆರೆದ ಪಾತ್ರೆಯ ನೀರು 97ರ ಸುಮಾರಿಗೇ ಕುದಿಯುವುದು. ಒತ್ತಡದ ಮುಚ್ಚಳವು ಕುದಿಯುವ ಮಟ್ಟವನ್ನು ಮೇಲಕ್ಕೆ ತಳ್ಳಿ ಸ್ವಲ್ಪ ರಕ್ಷಣೆ ಕೊಡುತ್ತದೆಯಾದರೂ, ಇಲ್ಲಿ ಲೆಕ್ಕಕ್ಕೆ ಸಿಗದ ಇನ್ನೊಂದು ಕೇಡು ಸೇರಿತ್ತು. ಫಿನ್ನುಗಳಿಲ್ಲದ ಕಡೆ ದಾರಿಯು ಬಯಲಾದ್ದರಿಂದ ಫ್ಯಾನಿನ ಗಾಳಿಯು ಅತ್ತಲೇ ನುಗ್ಗಿ, ಫಿನ್ನುಗಳಿರುವ ಮೇಲಿನ ಭಾಗಕ್ಕೆ ಕಡಿಮೆಯಾಗಿ ಹೋಗುತ್ತಿತ್ತು.

ಅಂಗಳದಲ್ಲಿ ಖಾಲಿ ಓಡಿಸಿದಾಗ ಕುದಿಯದಿದ್ದುದೇಕೆಂಬುದೂ ಇದರಿಂದಲೇ ತಿಳಿಯುವುದು. ಹೊರೆಯಿಲ್ಲದ ಇಂಜಿನ್ನು ಕೊಡುವ ಶಾಖವು ಪೂರ್ಣ ಹೊರೆಯದರ ಒಂದು ಸಣ್ಣ ಪಾಲು. ಅರ್ಧ ಕೆಟ್ಟ ರೆಡಿಯೇಟರೂ ಅದನ್ನು ನಿಭಾಯಿಸುತ್ತದೆ. ರೆಡಿಯೇಟರನ್ನು ರಿಪೇರಿ ಮಾಡಿಸಿದವರು ನೇಗಿಲನ್ನು ಕಟ್ಟಿ ಅರ್ಧ ಗಂಟೆ ಉಳುಮೆ ಮಾಡಿಸಿ ನೋಡಿದ ಹೊರತು ಹಣ ಕೊಡಬಾರದೆಂಬುದು ನನ್ನ ಅಭಿಪ್ರಾಯ.

ಯಂತ್ರವು ಕಾದಾಗ ದೋಷವು ಯಾವ ಕಡೆ ಇದೆಯೆಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಹೊರೆಯ ಕೆಲಸ ನಡೆದಿರುವಾಗ ಸ್ವಲ್ಪ ನಿಲ್ಲಿಸಿ, ಇಂಜಿನ್ನನ್ನು ಆರಿಸಿದೊಡನೆಯೇ, ರೆಡಿಯೇಟರಿನ ಮೇಲಿನ ಹೋಸಿನ ಮತ್ತು ಕೆಳಗಿನ ಹೋಸಿನ ಬಿಸಿಯನ್ನು ಹೋಲಿಸತಕ್ಕದ್ದು. ಅಂಗಡಿಗಳಲ್ಲಿ ದೊರೆಯುವ ದೂರದಿಂದ ಅಳೆಯುವ ಥರ್ಮಾಮೀಟರಿದ್ದರೆ ಕೈ ಸುಡುವ ಭಯವಿಲ್ಲ. ಮೇಲಿನದಕ್ಕೂ ಕೆಳಗಿನದಕ್ಕೂ ವಾಡಿಕೆಯಂತೆ ಐದಾರು ಡಿಗ್ರಿಯ ಅಂತರವಿದ್ದು ಎರಡೂ ವಿಪರೀತ ಬಿಸಿಯಾಗಿದ್ದರೆ, ನೀರು ಸರಿಯಾಗಿ ಹರಿಯುತ್ತಿದೆ, ಶಾಖವು ಹೊರಬೀಳುತ್ತಿಲ್ಲ. ಆಗ ಫಿನ್ನುಗಳನ್ನೂ ಫ್ಯಾನನ್ನೂ ನೋಡಬೇಕು. ಅವು ಚೊಕ್ಕಟವಾಗಿದ್ದರೆ ಕೊಳವೆಯೊಳಗಿನ ಹಿಟ್ಟೆಯನ್ನು ಸಂದೇಹಿಸಬೇಕು. ಅಂತರವು ಇಪ್ಪತ್ತು ಡಿಗ್ರಿಯಷ್ಟಿದ್ದರೆ ನೀರೇ ಮಂದವಾಗಿ ಹರಿಯುತ್ತಿದೆ. ಪಂಪು, ಥರ್ಮೋಸ್ಟಾಟು ಅಥವಾ ಮುಚ್ಚಿಹೋದ ಕೊಳವೆಗಳು ಕಾರಣ. ರೆಡಿಯೇಟರಿನ ಮುಖದಲ್ಲಿ ಅಲ್ಲಲ್ಲಿ ಮಾತ್ರ ತಣ್ಣಗಿದ್ದರೆ ಆ ಸ್ಥಳದ ಕೊಳವೆಗಳು ಕಟ್ಟಿವೆಯೆಂದು ತಿಳಿಯಬೇಕು. ಕೊಳವೆಯು ಬಿಸಿಯಾಗಿದ್ದು ಪಕ್ಕದ ಫಿನ್ನು ತಣ್ಣಗಿದ್ದರೆ ಬೆಸುಗೆಯು ಬಿಟ್ಟಿದೆ. ಅಂತಹ ಫಿನ್ನು ಕಣ್ಣಿಗೆ ಇದ್ದರೂ ಕೆಲಸಕ್ಕೆ ಇಲ್ಲದಂತೆಯೇ. ಬಿಸಿಯಾಗಿರುವಾಗ ಮುಚ್ಚಳವನ್ನು ತೆರೆಯುವುದು ಮಾತ್ರ ಯಾವ ಪರೀಕ್ಷೆಗೂ ಬೇಕಾಗಿಲ್ಲ. ಹಾಗೆ ತೆರೆದು ಮುಖವನ್ನು ಸುಟ್ಟುಕೊಂಡವರನ್ನು ನಾನು ಕಂಡಿದ್ದೇನೆ.

ಗೌಡರ ಯಂತ್ರದಲ್ಲಿ ಮೇಲಕ್ಕೂ ಕೆಳಕ್ಕೂ ಇದ್ದ ಅಂತರವು ಆರು ಡಿಗ್ರಿ ಮಾತ್ರ. ಪಂಪು ಸರಿಯಾಗಿತ್ತು. ನೀರಿನಲ್ಲಿ ಎಣ್ಣೆಯ ಜಿಡ್ಡಾಗಲಿ, ತಣ್ಣಗಿದ್ದಾಗ ಮುಚ್ಚಳ ತೆಗೆದು ಓಡಿಸಿದರೆ ಗುಳ್ಳೆಗಳಾಗಲಿ ಕಾಣಲಿಲ್ಲವಾದ್ದರಿಂದ ಹೆಡ್ಡನ್ನು ಬಿಚ್ಚುವ ಮಾತನ್ನು ಬಿಡಲಾಯಿತು. ಅದುವರೆಗೆ ಹೆಡ್ಡು ಸೊಟ್ಟಗಾಗದೆ ಉಳಿದದ್ದು ಅವರು ಆವಿ ಕಂಡೊಡನೆ ಪ್ರತಿ ಸಲವೂ ಯಂತ್ರವನ್ನು ನಿಲ್ಲಿಸಿದ್ದರಿಂದ. ಹೊಸ ಕೋರನ್ನು ತರಿಸಿ ಹಾಕಲು ಐದು ದಿನ ಹಿಡಿಯಿತು. ಆ ನಡುವೆ ಹದ ತಪ್ಪದಿರಲೆಂದು ಅವರು ಮೇಲಿನ ಎರಡು ಎಕರೆಯನ್ನು ಬಾಡಿಗೆಯ ಎತ್ತುಗಳಿಂದ ಉಳಿಸಿದರು.

ಕೋರನ್ನು ಹಾಕಿದ ದಿನ ಅವರ ಆಳು ಮಗನು ಗೊಬ್ಬರದ ಚೀಲವೊಂದನ್ನು ತಂದು, ಹೊಟ್ಟು ಸೇರದಿರಲೆಂದು ಹೊಸ ಫಿನ್ನುಗಳ ಮುಂದೆ ಬಿಗಿಯಾಗಿ ಕಟ್ಟಹೊರಟಿದ್ದನು. ಗೌಡರೇ ಅವನನ್ನು ತಡೆದು, ಚೀಲವನ್ನು ಕಿತ್ತೊಗೆದು, ಅಗಲ ಕಣ್ಣಿನ ತಂತಿಯ ಬಲೆಯನ್ನು ಕಟ್ಟಿಸಿದರು. ಒಕ್ಕಣೆಯ ದಿನಗಳಲ್ಲಿ ಆ ಬಲೆಯನ್ನು ಎರಡೆರಡು ಗಂಟೆಗೊಮ್ಮೆ ಕೊಡವತಕ್ಕದ್ದೆಂದೂ, ಫಿನ್ನುಗಳನ್ನು ತೊಳೆಯುವಾಗ ಗಾಳಿ ಬರುವ ದಿಕ್ಕಿಗೆ ಎದುರಾಗಿ, ಎಂದರೆ ಫ್ಯಾನಿನ ಕಡೆಯಿಂದ ಮುಂದಕ್ಕೆ, ಮೆಲ್ಲಗೆ ನೀರು ಬಿಡತಕ್ಕದ್ದೆಂದೂ ಹೇಳಿ ಬಂದೆನು. ಜೋರಾದ ಪಿಚಕಾರಿಯಿಂದ ಹೊಡೆದರೆ ತೆಳು ತಗಡುಗಳು ಮಡಿಚಿ ಗಾಳಿಯ ದಾರಿಯು ಮುಚ್ಚುವುದು. ತೊಳೆದಾದ ಮೇಲೆ ರೆಡಿಯೇಟರಿನ ಹಿಂದೆ ಒಂದು ಬ್ಯಾಟರಿ ದೀಪವನ್ನು ಹಿಡಿದರೆ, ಬೆಳಕು ಎಲ್ಲೆಡೆಯೂ ಸಮನಾಗಿ ಮುಂದಕ್ಕೆ ಕಾಣಬೇಕು.